ಪಹಣಿಯ ಹೆಸರು, ಕೊಟೇಶನ್ನಿನ ಮೀಟರು

ಅಫಜಲಪುರ ತಾಲ್ಲೂಕಿನಲ್ಲಿ ತೊಗರಿಯ ಜೊತೆಗೆ ಕಬ್ಬೂ ದೊಡ್ಡ ಬೆಳೆ. ಭೀಮಾ ದಂಡೆಯ ಹೊಲಗಳಿಗೆ ನದಿಯ ನೀರು, ಒಳಗಿನ ಹೊಲಗಳಿಗೆ ಬೋರಿನ ನೀರು. ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುವ ರೈತರಲ್ಲಿ ಡ್ರಿಪ್ಪಿನ ಮಾತು ಈಗ ಸಾಮಾನ್ಯ. ಮೂರು ಎಕರೆ ಕಬ್ಬಿಗೆ ಡ್ರಿಪ್ ಹಾಕಿಸಬೇಕೆಂದಿರುವ ಒಬ್ಬ ರೈತ ಮಹಿಳೆ, ಕೃಷಿ ಇಲಾಖೆಯಲ್ಲಿ ಬಹುಕಾಲ ದುಡಿದು ನಿವೃತ್ತರಾದ ಅಧಿಕಾರಿಯೊಬ್ಬರ ಮುಂದೆ ತನ್ನ ಕಾಗದದ ಚೀಲ ಬಿಚ್ಚಿ ಕೂತಾಗ ನಡೆದ ಮಾತು ಇದು.

ಆಕೆ: ಸಾಹೇಬ್ರ, ಎಲ್ಲಾ ಕಾಗದ ತಂದೀನ್ರಿ. ಪಹಣಿ, ಆಧಾರ್, ಪಾಸ್‌ಬುಕ್ಕು, ಡೀಲರ್ ಕೊಟ್ಟ ಕೊಟೇಶನ್ನು. ನೂರಕ್ಕ ತೊಂಬತ್ತು ಸರ್ಕಾರ ಕೊಡ್ತದ, ಹತ್ತು ನಾವು ಹಾಕಬೇಕು ಅಂತಾರ. ನಾಳೆ ರೈತ ಸಂಪರ್ಕ ಕೇಂದ್ರಕ್ಕ ಹೋಗಿ ಕೊಟ್ಟುಬಿಟ್ರ ಆಯ್ತಲ್ರಿ?

ಅವರು: ಮೊದಲ ಪಹಣಿ ಕೊಡ್ರಿ ಇಲ್ಲಿ. ಬೆಳೆ ಕಬ್ಬು ಅಂದ್ರಿ. ಹಂಗಾದ್ರ ನೀವು ಹೋಗಬೇಕಾದ್ದು ಕೃಷಿ ಇಲಾಖೆಗೇ, ಅದು ಸರಿ ಅದ. ಲಿಂಬಿ, ಬಾಳಿ ಇದ್ದಿದ್ರ ತೋಟಗಾರಿಕೆ ಇಲಾಖೆಗೆ ಹೋಗಬೇಕಾಗ್ತಿತ್ತು. ತೊಗರಿ, ಹತ್ತಿ, ಕಬ್ಬು ಕೃಷಿ ಇಲಾಖೆಯವು. ಎಷ್ಟೋ ಮಂದಿ ತಪ್ಪು ಬಾಗಿಲಿಗೆ ಹೋಗಿ ಒಂದು ಹಂಗಾಮು ಕಳ್ಕೊಂಡಾರ. ಆದ್ರ ತಾಯಿ, ಈ ಪಹಣಿಯ ಒಂಬತ್ತನೇ ಕಾಲಮ್ಮಿನಾಗ ಇರೋ ಹೆಸರು ಯಾರದು?

ಆಕೆ: ನಮ್ಮ ಮನಿಯವ್ರದು. ಅವ್ರು ತೀರಿಕೊಂಡಾರ. ಹೊಲ ಮಾಡೋಕಿ ನಾನೇ ಅಲ್ರಿ, ಊರಿಗೆಲ್ಲಾ ಗೊತ್ತದ.

ಅವರು: ಊರಿಗೆ ಗೊತ್ತಿದ್ರ ಸಾಲದು, ಭೂಮಿ ದಾಖಲೆಗೆ ಗೊತ್ತಾಗಬೇಕು. ಸಹಾಯಧನ ಕೊಡೋರು ಕಬ್ಬು ಕಡಿಯೋರ ಮುಖ ನೋಡೂದಿಲ್ಲ, ಒಂಬತ್ತನೇ ಕಾಲಮ್ಮಿನ ಹೆಸರು ನೋಡ್ತಾರ. ತೀರಿಕೊಂಡವ್ರ ಹೆಸರಿನ ಮ್ಯಾಲ ಅರ್ಜಿ ನಿಲ್ಲೂದಿಲ್ಲ. ಅದಕ್ಕ ಮೊದಲ ಕೆಲಸ ಪೌತಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ತಗೊಂಡು ನಾಡಕಚೇರಿಗೆ ಹೋಗ್ರಿ. ಇಲ್ಲಾ ನಿಮ್ಮ ಊರಿನ ತಲಾಟಿಯವ್ರನ್ನ, ಅಂದ್ರ ಈಗ ಗ್ರಾಮ ಆಡಳಿತ ಅಧಿಕಾರಿ ಅಂತಾರಲ್ಲ, ಅವ್ರನ್ನ ಕಾಣ್ರಿ. ವಾರಸಾ ಅರ್ಜಿ ಹಾಕಿದ ಮ್ಯಾಲ ತಕರಾರಿದ್ದವ್ರು ಹೇಳಲಿ ಅಂತ ನೋಟಿಸು ಹೊರಡ್ತದ. ಆ ಅವಧಿ ಮುಗಿದು ಮ್ಯುಟೇಶನ್ ಮಂಜೂರಾದ ಮ್ಯಾಲೇ ಹೆಸರು ಬದಲಾಗೂದು.

ಆಕೆ: ನನಗ ಎರಡು ಗಂಡು ಮಕ್ಕಳು, ಒಬ್ಬಾಕಿ ಮಗಳು. ಎಲ್ಲಾರ ಹೆಸರೂ ಬರ್ತದೇನ್ರಿ?

ಅವರು: ಬರ್ತದ, ಬರಲೇಬೇಕು. ಮಗಳ ಹೆಸರು ಬಿಟ್ಟು ವಂಶವೃಕ್ಷ ಮಾಡಿಸಬ್ಯಾಡ್ರಿ. ಆಕಿ ಹಕ್ಕು ಹೋಗ್ತದ, ಮುಂದ ತಕರಾರು ಎದ್ರ ಮ್ಯುಟೇಶನ್ನೂ ಬಿದ್ದುಹೋಗ್ತದ. ನಾಲ್ಕು ಹೆಸರು ಜಂಟಿಯಾಗಿ ಕೂತ್ರ ಡ್ರಿಪ್ಪು ನಿಮ್ಮೊಬ್ರ ಹೆಸರಿಗೆ ತಗೊಳ್ಳಾಕ ಉಳಿದ ಮೂವರ ಒಪ್ಪಿಗೆ ಪತ್ರ ಬೇಕು. ಮನಿ ಮಕ್ಕಳೇ ಅಲ್ಲಾ ಅಂತ ಬಾಯಿಮಾತಿಗೆ ಬಿಡಬ್ಯಾಡ್ರಿ, ಛಾಪಾ ಕಾಗದದ ಮ್ಯಾಲ ಬರೆಸಿ ಸಹಿ ಮಾಡಿಸಿಡ್ರಿ. ಯಾವ ಸರ್ವೆ ನಂಬರು, ಎಷ್ಟು ಎಕರೆ, ಸಹಾಯಧನ ಯಾರ ಹೆಸರಿಗೆ ಅನ್ನೂದು ಮೂರೂ ಅದರಾಗ ಇರಬೇಕು.

ಆಕೆ: ಅದು ಆದ ಮ್ಯಾಲ?

ಅವರು: ಆಮ್ಯಾಲ ಎಫ್‌ಐಡಿ. ಫ್ರೂಟ್ಸ್ ಅಂತ ರಾಜ್ಯದ ರೈತರ ನೋಂದಣಿ ಅದ. ಅದರಾಗ ನಿಮಗೊಂದು ಗುರುತಿನ ಸಂಖ್ಯೆ, ಆ ಸಂಖ್ಯೆಯ ಕೆಳಗ ನಿಮ್ಮ ಹೊಲದ ಸರ್ವೆ ನಂಬರುಗಳು. ರೈತ ಸಂಪರ್ಕ ಕೇಂದ್ರದಾಗ ಡ್ರಿಪ್ಪಿನ ಅರ್ಜಿಯನ್ನ ಕೆ-ಕಿಸಾನ್‌ನಾಗ ಹಾಕುವಾಗ ಈ ಎಫ್‌ಐಡಿ ಒತ್ತಿದ್ರ ಹೊಲದ ವಿವರ ತಾನೇ ಬರ್ತದ. ಬಾರದೇ ಇದ್ರ ಅರ್ಜಿ ಅಲ್ಲೇ ನಿಲ್ತದ. ನಿಮಗ ಎಫ್‌ಐಡಿ ಅದ ಏನು?

ಆಕೆ: ಬೆಳೆ ವಿಮೆ ತುಂಬುವಾಗ ಮಾಡಿಸೀನ್ರಿ. ನನ್ನ ತವರಿನಿಂದ ಬಂದ ಒಂದೂವರೆ ಎಕರೆ ಅದರಾಗ ಅದ.

ಅವರು: ಹಂಗಾದ್ರ ಸಂಖ್ಯೆ ಅದ, ಈ ಹೊಲ ಇಲ್ಲ. ಎಫ್‌ಐಡಿ ಇದ್ರ ಎಲ್ಲಾ ಆಯ್ತು ಅಂತ ನಮ್ಮ ಮಂದಿ ತಿಳ್ಕೊಂಡಾರ. ಪೌತಿ ಆಗಿ ಹೊಸ ಪಹಣಿ ಬಂದ ಮ್ಯಾಲ ಅದನ್ನ ತಗೊಂಡು ಹೋಗಿ ಈ ಸರ್ವೆ ನಂಬರನ್ನೂ ನಿಮ್ಮ ಎಫ್‌ಐಡಿಗೆ ಸೇರಿಸಬೇಕು. ಸೇರಿಸುವಾಗ ಪಹಣಿಯ ಹೆಸರು ಆಧಾರಿನ ಹೆಸರಿಗೆ ಹೊಂದ್ತದೋ ಇಲ್ಲೋ ಅಂತ ನೋಡ್ತಾರ. ನಿಮ್ಮ ಆಧಾರ್ ಕೊಡ್ರಿ. ಇಲ್ಲಿ ಹೆಸರಿನ ಮುಂದ ಗಂಡನ ಮನಿ ಅಡ್ಡಹೆಸರು ಅದ. ತವರಿನ ಪಹಣಿಯಾಗ ಹೆಸರಿನ ಮುಂದ ತಂದಿ ಹೆಸರು ಇರ್ತದ. ಪೌತಿ ಅರ್ಜಿ ಬರೆಯುವಾಗಲೇ ಆಧಾರಿನಾಗ ಇದ್ದಂಗ ಅಕ್ಷರಕ್ಕಕ್ಷರ ಬರೆಸಿಬಿಡ್ರಿ. ಆಮ್ಯಾಲ ತಿದ್ದಿಸೂದು ಬ್ಯಾರೆ ಅರ್ಜಿ, ಬ್ಯಾರೆ ತಿರುಗಾಟ.

ಆಕೆ: ಇನ್ನೊಂದು ಕೇಳ್ಬೇಕ್ರಿ. ಇದೇ ಸರ್ವೆ ನಂಬರಿನಾಗ ನಮ್ಮ ಮೈದುನ ಹಿಂದೊಮ್ಮೆ ಡ್ರಿಪ್ ತಗೊಂಡಿದ್ದ. ಅದು ಅಡ್ಡ ಬರ್ತದೇನು?

ಅವರು: ಬರಬಹುದು. ಒಮ್ಮೆ ಸಹಾಯಧನ ತಗೊಂಡ ಮ್ಯಾಲ ಏಳು ವರ್ಷ ಆಗಬೇಕು ಮತ್ತ ತಗೊಳ್ಳಾಕ. ಹೊಲ ಪಾಲಾಗಿ ಹಿಸ್ಸಾ ನಂಬರು ಬ್ಯಾರೆ ಆಗಿದ್ರ ನಿಮ್ಮ ಹಿಸ್ಸಾ ಯಾವುದು ಅಂತ ಸ್ಪಷ್ಟ ಇರ್ತದ. ಪೋಡಿ ಆಗದೇ ಒಂದೇ ನಂಬರಿನಾಗ ಕೂತಿದ್ರ ಅವನು ತಗೊಂಡ ವರ್ಷ ಯಾವುದು ಅಂತ ಕೇಂದ್ರದಾಗ ಮೊದಲೇ ಕೇಳ್ಕೊಳ್ರಿ. ರೊಕ್ಕ ಕಟ್ಟಿದ ಮ್ಯಾಲ ಇದು ಹೊರಬಿದ್ರ ಕಷ್ಟ.

ಆಕೆ: ಈಗ ಕೊಟೇಶನ್ ನೋಡ್ರಿ. ಒಂದು ಲಕ್ಷದ ಎಪ್ಪತ್ತೈದು ಸಾವಿರ ಅಂತ ಬರ್ದಾನ. ಅದರ ಹತ್ತನೇ ಪಾಲು ಅಂದ್ರ ಹದಿನೇಳೂವರೆ ಸಾವಿರ. ಅಷ್ಟು ಕೂಡಿಸಿ ಇಟ್ಟೀನಿ.

ಅವರು: ಇಲ್ಲೇ ನಮ್ಮ ರೈತರಿಗೆ ದೊಡ್ಡ ಪೆಟ್ಟು ಬೀಳ್ತದ, ಅದಕ್ಕ ನಿಧಾನ ಹೇಳ್ತೀನಿ. ತೊಂಬತ್ತು ಪರ್ಸೆಂಟ್ ಅನ್ನೂದು ಡೀಲರ್ ಬರೆದ ರೊಕ್ಕದ ಮ್ಯಾಲ ಅಲ್ಲ. ಇಷ್ಟು ಜಮೀನಿಗೆ, ಇಷ್ಟು ಅಂತರದ ಸಾಲಿಗೆ ಡ್ರಿಪ್ ಹಾಕಾಕ ಇಷ್ಟೇ ಖರ್ಚು ಅಂತ ಮಾರ್ಗಸೂಚಿಯಾಗ ಒಂದು ಘಟಕ ವೆಚ್ಚ ಇರ್ತದ. ತೊಂಬತ್ತು ಅದರ ಮ್ಯಾಲ. ಲೆಕ್ಕ ತಿಳಿಯಲಿ ಅಂತ ಒಂದು ಅಂಕಿ ಇಟ್ಕೊಳ್ಳೋಣ. ನಿಮ್ಮ ಮೂರು ಎಕರೆಗೆ ಘಟಕ ವೆಚ್ಚ 1,40,000 ರೂಪಾಯಿ ಅಂತ ತಿಳೀರಿ. ಅದರ ತೊಂಬತ್ತು ಪರ್ಸೆಂಟ್ 1,26,000. ಡೀಲರಿನ ಕೊಟೇಶನ್ 1,75,000. ಉಳಿದ 49,000 ನಿಮ್ಮ ತಲಿ ಮ್ಯಾಲ. ನೀವು ಕೂಡಿಸಿಟ್ಟಿದ್ದು 17,500.

ಆಕೆ: ಅಯ್ಯೋ! ಮೂವತ್ತು ಸಾವಿರದ ಮ್ಯಾಲ ಕಡಿಮಿ ಬೀಳ್ತದಲ್ರಿ! ಅವನು ಇದನ್ನ ಹೇಳಲೇ ಇಲ್ಲ.

ಅವರು: ಅದಕ್ಕ ಕೊಟೇಶನ್ ಕೈಗೆ ಬಂದ ಕೂಡಲೇ ಕೇಂದ್ರದಾಗ ಒಂದೇ ಪ್ರಶ್ನೆ ಕೇಳ್ರಿ. ನನ್ನ ಮೂರು ಎಕರೆಗೆ, ಈ ಅಂತರಕ್ಕ, ಈ ವರ್ಷದ ಘಟಕ ವೆಚ್ಚ ಎಷ್ಟು? ಆ ಅಂಕಿ ಬರೆಸ್ಕೊಂಡು ಡೀಲರಿನ ಮುಂದ ಇಡ್ರಿ. ಹೆಚ್ಚಿಗಿ ಯಾತಕ್ಕ ಅಂತ ಕೇಳ್ರಿ. ಒಂದೊಂದು ಸಲ ಕಾರಣ ಇರ್ತದ, ದಪ್ಪ ಪೈಪು, ದೊಡ್ಡ ಫಿಲ್ಟರು ಹಾಕಿರ್ತಾರ. ಕಾರಣ ಇಲ್ಲದಿದ್ರ ಇಳಿಸ್ತಾರ. ಇಲಾಖೆಯ ಪಟ್ಟಿಯಾಗ ಒಂದಕ್ಕಿಂತ ಹೆಚ್ಚು ಕಂಪನಿ ಇರ್ತಾವ, ಒಬ್ಬನ ಹತ್ರ ಮಾತ್ರ ಕೊಟೇಶನ್ ತಗೊಂಡು ಕೂಡಬ್ಯಾಡ್ರಿ. ಪಟ್ಟಿಯಾಗ ಇಲ್ಲದ ಕಂಪನಿಯ ಮಾಲು ಎಷ್ಟೇ ಚಲೋ ಇದ್ರೂ ಸಹಾಯಧನ ಇಲ್ಲ.

ಆಕೆ: ಈ ತೊಂಬತ್ತು ಎಲ್ಲಾರಿಗೂ ಅದ ಏನ್ರಿ?

ಅವರು: ಎರಡು ಹೆಕ್ಟೇರ್ ತನಕ ಅದ. ನಮ್ಮ ಲೆಕ್ಕದಾಗ ನಾಲ್ಕು ಎಕರೆ ಮೂವತ್ತೇಳು ಗುಂಟೆ. ಅದರ ಮ್ಯಾಲ ಐದು ಹೆಕ್ಟೇರ್ ತನಕ ನಲವತ್ತೈದೇ. ಕೇಂದ್ರದ ‘ಪ್ರತಿ ಹನಿ ಹೆಚ್ಚು ಬೆಳೆ’ ಯೋಜನೆಯಾಗ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಐವತ್ತೈದು, ಉಳಿದವ್ರಿಗೆ ನಲವತ್ತೈದು ಅಂತ ಅದ. ಅದನ್ನ ತೊಂಬತ್ತಕ್ಕ ಏರಿಸಿದ್ದು ನಮ್ಮ ರಾಜ್ಯ. ನಿಮ್ಮದು ಮೂರು ಎಕರೆ, ಪೂರಾ ತೊಂಬತ್ತರೊಳಗ ಬರ್ತದ.

ಆಕೆ: ಕೊಟೇಶನ್ನಿನಾಗ ಉಳಿದದ್ದೆಲ್ಲಾ ಇಂಗ್ಲಿಷಿನಾಗ ಅದ. ಲ್ಯಾಟರಲ್ಲು ಇಷ್ಟು ಮೀಟರು, ಡ್ರಿಪ್ಪರು ಇಷ್ಟು ಅಂತ. ಅದು ಖರೆ ಅದನೋ ಸುಳ್ಳೋ ನನಗ್ಹ್ಯಾಂಗ ಗೊತ್ತಾಗಬೇಕು?

ಅವರು: ಗುಂಟೆ ಲೆಕ್ಕ ಬರೋರಿಗೆ ಇದೂ ಬರ್ತದ. ಒಂದು ಎಕರೆ ಅಂದ್ರ 43,560 ಚದರ ಅಡಿ. ನಿಮ್ಮ ಸಾಲಿನಿಂದ ಸಾಲಿಗೆ ಎಷ್ಟು?

ಆಕೆ: ಐದು ಅಡಿ. ಸಾಲಿಗೊಂದು ಪೈಪು.

ಅವರು: 43,560ನ್ನ ಐದರಿಂದ ಭಾಗಿಸ್ರಿ, 8,712 ಅಡಿ ಬರ್ತದ. ಒಂದು ಎಕರೆಗೆ ಅಷ್ಟುದ್ದ ಕರೀ ಪೈಪು ಬೇಕು. ಮೂರು ಎಕರೆಗೆ 26,136 ಅಡಿ. ಅದನ್ನ 3.28ರಿಂದ ಭಾಗಿಸಿದ್ರ ಸುಮಾರು 8,000 ಮೀಟರ್. ಕೊಟೇಶನ್ನಿನಾಗ ಏನು ಬರ್ದಾನ? 7,950. ಸರಿ ಅದ, ಬದು, ದಾರಿ ಬಿಟ್ರ ಅಷ್ಟೇ ಬರ್ತದ. ಈಗ ಎಚ್ಚರ ಇರಬೇಕಾದ್ದು ಹಾಕೋ ದಿನ. ಕಾಗದದಾಗ ಐದು ಅಡಿ ತೋರಿಸಿ ಹೊಲದಾಗ ಆರು ಅಡಿಗೆ ಹಾಸಿದ್ರ 6,640 ಮೀಟರಿಗೆ ಕೆಲಸ ಮುಗೀತದ. ಸಾವಿರದ ಮುನ್ನೂರು ಮೀಟರ್ ಪೈಪು ನಿಮ್ಮ ಹೊಲಕ್ಕ ಬರಲೇ ಇಲ್ಲ, ರೊಕ್ಕ ಮಾತ್ರ ಅದರದ್ದೂ ಸೇರಿ ಹೋಯ್ತು. ಪೈಪು ಸುರುಳಿ ಸುತ್ತಿ ಬರ್ತಾವ, ಪ್ರತಿ ಸುರುಳಿ ಮ್ಯಾಲ ಎಷ್ಟು ಮೀಟರ್ ಅಂತ ಬರೆದಿರ್ತದ. ಇಳಿಸುವಾಗ ಎಣಿಸಿ ಬರ್ಕೊಳ್ರಿ. ಹಂಗೇ ಪೈಪಿನ ಮ್ಯಾಲ ಐಎಸ್‌ಐ ಗುರುತು ನೋಡ್ರಿ. ಒಳಗೇ ಡ್ರಿಪ್ಪರ್ ಇರೋ ಪೈಪಿಗೆ IS 13488 ಅಂತ ಅಚ್ಚು ಇರಬೇಕು.

ಆಕೆ: ನಮ್ಮ ಬೋರು ಇಷ್ಟಕ್ಕೆಲ್ಲಾ ನೀರು ಕೊಡ್ತದೇನ್ರಿ? ಮೊದಲಿನಷ್ಟು ಈಗಿಲ್ಲ.

ಅವರು: ಇದನ್ನ ಕೊಟೇಶನ್ನಿಗಿಂತ ಮೊದಲೇ ಕೇಳಬೇಕಿತ್ತು ಡೀಲರ್. ಎರಡು ಅಡಿಗೊಂದು ಡ್ರಿಪ್ಪರ್ ಅಂದ್ರ 26,136ರಾಗ ಹದಿಮೂರು ಸಾವಿರ ಡ್ರಿಪ್ಪರ್. ಒಂದೊಂದು ತಾಸಿಗೆ ನಾಲ್ಕು ಲೀಟರ್ ಬಿಟ್ರ ಎಲ್ಲಾ ಕೂಡಿ ತಾಸಿಗೆ 52,000 ಲೀಟರ್. ನಿಮ್ಮ ಬೋರಿನ ನೀರು ಅಳೀಬೇಕಂದ್ರ ಎರಡು ನೂರು ಲೀಟರಿನ ಡ್ರಮ್ಮು ಇಡ್ರಿ. ಬೋರು ಒಂದರ್ಧ ತಾಸು ಓಡಿದ ಮ್ಯಾಲ ಹಿಡೀಬೇಕು, ಚಾಲೂ ಮಾಡಿದ ಕೂಡಲೇ ಹಿಡಿದ್ರ ಹೆಚ್ಚು ತೋರಿಸ್ತದ. ಡ್ರಮ್ಮು ಐವತ್ತೈದು ಸೆಕೆಂಡಿಗೆ ತುಂಬಿದ್ರ ತಾಸಿಗೆ ಸುಮಾರು 13,000 ಲೀಟರ್. ಅಂದ್ರ ಹೊಲವನ್ನ ನಾಲ್ಕು ಭಾಗ ಮಾಡಿ, ನಾಲ್ಕು ವಾಲ್ವ್ ಇಟ್ಟು, ಒಂದಾದ ಮ್ಯಾಲೊಂದು ಬಿಡಬೇಕು. ಕೊಟೇಶನ್ನಿನಾಗ ಎರಡೇ ವಾಲ್ವ್ ಇದ್ರ ಅದು ನಿಮ್ಮ ಬೋರು ನೋಡಿ ಮಾಡಿದ್ದಲ್ಲ, ಯಾರದ್ದೋ ನಕ್ಷೆ ನಿಮಗ ಕೊಟ್ಟಾನ. ಪೈಪಿನ ಕೊನಿಗೆ ನೀರೇ ಮುಟ್ಟೂದಿಲ್ಲ.

ಆಕೆ: ಎರಡೇ ಅದಾವ.

ಅವರು: ಹಂಗಾದ್ರ ನೀರು ಅಳೆದು, ಅದನ್ನ ಹೇಳಿ, ನಕ್ಷೆ ಸಮೇತ ಹೊಸಾ ಕೊಟೇಶನ್ ತಗೊಳ್ರಿ. ಫಿಲ್ಟರೂ ನೋಡ್ರಿ. ಬೋರಿನ ನೀರಿನಾಗ ಉಸುಕು ಬರ್ತಿದ್ರ ಹೈಡ್ರೋಸೈಕ್ಲೋನ್ ಬೇಕು. ಭೀಮಾ ನದಿಯಿಂದ ಎತ್ತೋರಿಗೆ ಪಾಚಿ, ಕೆಸರು ಹಿಡಿಯೋ ಸ್ಯಾಂಡ್ ಫಿಲ್ಟರ್ ಬೇಕು. ಬರೇ ಜಾಳಿಗೆ ಫಿಲ್ಟರಿನ ಮ್ಯಾಲ ನದಿ ನೀರು ಬಿಟ್ರ ಡ್ರಿಪ್ಪರ್ ಒಂದೇ ಹಂಗಾಮಿನಾಗ ಕಟ್ಟಿಕೊಳ್ತಾವ. ಇನ್ನು ತಾರೀಖು. ಈ ಕೊಟೇಶನ್ನಿನಾಗ ಜಿಎಸ್‌ಟಿ ಹನ್ನೆರಡು ಅಂತ ಅದ. 2025ರ ಸೆಪ್ಟೆಂಬರ್ 22ರಿಂದ ಡ್ರಿಪ್ ಸಾಮಾನಿನ ಮ್ಯಾಲ ಅದು ಐದಕ್ಕ ಇಳಿದದ. ಹಳೇ ಕಾಗದದ ಮ್ಯಾಲ ತಾರೀಖು ಮಾತ್ರ ತಿದ್ದಿ ಕೊಟ್ಟಾನ.

ಆಕೆ: ಡೀಲರ್ ಅಂತಾನ, ಕಬ್ಬು ಹಚ್ಚೋ ಹೊತ್ತು ಮೀರ್ತದ, ಮೊದಲ ಪೈಪು ಹಾಕಿಬಿಡೋಣ, ಕಾಗದ ಹಿಂದಿನಿಂದ ಬರ್ತದ ಅಂತ.

ಅವರು: ಬ್ಯಾಡ. ಇದೊಂದು ಮಾತು ಗಟ್ಟಿ ಹಿಡೀರಿ. ಅರ್ಜಿ ಮಂಜೂರಾಗಿ ಕಾರ್ಯಾದೇಶ ಕೈಗೆ ಬರೂತನಕ ಒಂದು ಪೈಪೂ ಹೊಲಕ್ಕ ಬರಬಾರದು. ಪ್ರತಿ ವರ್ಷ ಇಲಾಖೆಗೆ ಇಷ್ಟು ಅನುದಾನ ಅಂತ ಇರ್ತದ, ಅರ್ಜಿಗಳು ಸರದಿಯಾಗ ನಿಲ್ತಾವ. ಅನುದಾನ ಮುಗಿದ್ರ ಮುಂದಿನ ವರ್ಷ. ಆದೇಶಕ್ಕಿಂತ ಹಿಂದಿನ ತಾರೀಖಿನ ಬಿಲ್ ಇದ್ರ ಆ ಕಡತ ತಿರಸ್ಕಾರ ಆಗ್ತದ, ಪೂರಾ ರೊಕ್ಕ ನೀವೇ ಕಟ್ಟಬೇಕಾಗ್ತದ. ಸಾಲ ಮಾಡಿ ಹಾಕಿಸ್ಕೊಂಡು ಆಮ್ಯಾಲ ಬಡ್ಡಿ ಕಟ್ಟಿದವ್ರನ್ನ ನಾ ಕಣ್ಣಾರೆ ಕಂಡೀನಿ, ಈಗಲೂ ಹೊಟ್ಟಿ ಉರೀತದ. ಕಬ್ಬು ಒಂದು ತಿಂಗಳು ತಡಾ ಹಚ್ಚಿದ್ರೂ ಬೆಳೀತದ.

ಆಕೆ: ನಮ್ಮ ಪಾಲಿನ ರೊಕ್ಕ ಡೀಲರಿನ ಕೈಗೆ ಕೊಡೂದೋ?

ಅವರು: ಕೈಗೆ ಕೊಡಬ್ಯಾಡ್ರಿ. ನಿಮ್ಮ ವಂತಿಗೆ ನಿಮ್ಮ ಬ್ಯಾಂಕ್ ಖಾತೆಯಿಂದ ಕಂಪನಿಯ ಖಾತೆಗೇ ಹೋಗಬೇಕು. ಆ ರಸೀದಿ ಕಡತದಾಗ ಬೇಕು. ಸಹಾಯಧನ ನಿಮ್ಮ ಖಾತೆಗೆ ಬರ್ತದೋ, ನಿಮ್ಮ ಒಪ್ಪಿಗೆ ಪತ್ರದ ಮ್ಯಾಲ ಕಂಪನಿಗೆ ಹೋಗ್ತದೋ ಅನ್ನೂದನ್ನ ಕೇಂದ್ರದಾಗ ಕೇಳಿ ತಿಳ್ಕೊಳ್ರಿ. ನಿಮ್ಮ ಖಾತೆಗೆ ಅಂದ್ರ ಪಾಸ್‌ಬುಕ್ ಮುಖ್ಯ. ಕೊಡ್ರಿ ನೋಡ್ತೀನಿ. ತಾಯಿ, ಇದು ಎಸ್‌ಬಿಎಚ್ ಪಾಸ್‌ಬುಕ್.

ಆಕೆ: ಹೌದ್ರಿ, ಹಳೇದು. ಖಾತೆ ಇನ್ನೂ ನಡೀತದ.

ಅವರು: ಖಾತೆ ನಡೀತದ, ಕಾಗದ ನಡ್ಯೂದಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ಕ್ಕ ಎಸ್‌ಬಿಐನಾಗ ಸೇರಿತು. ಇದರ ಮ್ಯಾಲ ಐಎಫ್‌ಎಸ್‌ಸಿ SBHY ಅಂತ ಶುರು ಆಗ್ತದ. ಈಗ ಅದು SBIN. ನಮ್ಮ ಭಾಗದಾಗ ಇನ್ನೂ ಎಷ್ಟೋ ಮನಿಯಾಗ ಕೃಷ್ಣಾ ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ ಅದಾವ. ಅದು 2013ರಾಗ ಪ್ರಗತಿ ಕೃಷ್ಣಾ ಆಯ್ತು, 2019ರಾಗ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯ್ತು. ಯಾವ ಬ್ಯಾಂಕೇ ಇರಲಿ, ಶಾಖೆಗೆ ಹೋಗಿ ಹೊಸಾ ಪಾಸ್‌ಬುಕ್ ತಗೊಂಡು ಮೊದಲನೇ ಪುಟದ ಜೆರಾಕ್ಸ್ ಹಚ್ರಿ.

ಆಕೆ: ಆಧಾರ್ ಜೋಡಿಸಿಯೇ ಅದ ಅಂತ ಬ್ಯಾಂಕಿನವ್ರು ಹೇಳ್ಯಾರ.

ಅವರು: ಅದರಾಗ ಎರಡು ನಮೂನಿ ಅದ. ಖಾತೆಗೆ ಆಧಾರ್ ನಂಬರ್ ಬರೆಸಿರೂದು ಒಂದು. ಸರ್ಕಾರದ ರೊಕ್ಕ ಆಧಾರಿನ ಮ್ಯಾಲ ಬಂದಾಗ ಯಾವ ಬ್ಯಾಂಕಿಗೆ ಹೋಗಬೇಕು ಅಂತ ಎನ್‌ಪಿಸಿಐ ಹತ್ರ ನೋಂದಾಗಿರೂದು ಇನ್ನೊಂದು. ಎರಡನೇದು ಒಂದೇ ಬ್ಯಾಂಕಿಗೆ ಇರ್ತದ, ಕೊನಿಗೆ ಯಾವುದಕ್ಕ ಜೋಡಿಸಿದ್ರೋ ಅದಕ್ಕ. ಗೃಹಲಕ್ಷ್ಮಿ ರೊಕ್ಕ ನಿಮಗ ಯಾವ ಬ್ಯಾಂಕಿಗೆ ಬರ್ತದ?

ಆಕೆ: ಅದು ಅಂಚೆ ಕಚೇರಿ ಖಾತೆಗೆ ಬರ್ತದ.

ಅವರು: ನೋಡ್ರಿ, ಕೈಯಾಗಿನ ಪಾಸ್‌ಬುಕ್ ಒಂದು, ರೊಕ್ಕ ಬೀಳೋ ಜಾಗ ಇನ್ನೊಂದು. ಮೈಆಧಾರ್ ಜಾಲತಾಣದಾಗ ಯಾವ ಬ್ಯಾಂಕಿಗೆ ಜೋಡಣೆ ಅದ ಅಂತ ತೋರಿಸ್ತದ, ಮಗನ ಕೈಲೆ ನೋಡಿಸ್ರಿ. ಆಮ್ಯಾಲ ಅರ್ಜಿಗೆ ಅದೇ ಖಾತೆ ಕೊಡ್ರಿ, ಇಲ್ಲಾ ಎಸ್‌ಬಿಐಗೆ ಹೋಗಿ ಜೋಡಣೆ ಬದಲಿಸ್ಕೊಳ್ರಿ. ಬದಲಿಸಿದ್ರ ಗೃಹಲಕ್ಷ್ಮಿಯೂ ಆ ಕಡೆಗೇ ತಿರುಗ್ತದ, ಅದು ನೆನಪಿರಲಿ.

ಆಕೆ: ಎಲ್ಲಾ ಹಾಕಿ ಮುಗಿದ ಮ್ಯಾಲ ಇಲಾಖೆಯವ್ರು ಬಂದು ನೋಡ್ತಾರಂತ?

ಅವರು: ಬರ್ತಾರ. ಪೈಪು ಹಾಸಿದ್ದು, ಫಿಲ್ಟರು, ನಿಮ್ಮನ್ನೂ ಸೇರಿಸಿ ಜಿಪಿಎಸ್ ಫೋಟೋ ತಗೀತಾರ. ಆ ಹೊತ್ತಿಗೆ ಕಂಪನಿಯವ್ರು ಒಂದು ತೃಪ್ತಿ ಪತ್ರಕ್ಕ ಸಹಿ ಕೇಳ್ತಾರ. ಸಹಿಗಿಂತ ಮೊದಲ ನೀರು ಬಿಡಿಸ್ರಿ. ವಾಲ್ವಿನ ಹತ್ರದ ಡ್ರಿಪ್ಪರಿನ ಕೆಳಗೊಂದು, ಪೈಪಿನ ಕೊನೇ ಡ್ರಿಪ್ಪರಿನ ಕೆಳಗೊಂದು ಲೋಟ ಇಡ್ರಿ. ತಾಸಿಗೆ ನಾಲ್ಕು ಲೀಟರಿನ ಡ್ರಿಪ್ಪರ್ ಮೂರು ನಿಮಿಷಕ್ಕ 200 ಮಿಲಿಲೀಟರ್ ಕೊಡಬೇಕು. ಎರಡೂ ಲೋಟದಾಗ ಸ್ವಲ್ಪ ಹೆಚ್ಚುಕಡಿಮಿ ಇದ್ರ ಚಿಂತಿ ಇಲ್ಲ. ಕೊನಿಯದು ಅರ್ಧಕ್ಕ ಬಂದ್ರ ಭಾಗ ಮಾಡಿದ್ದು ತಪ್ಪದ, ಇಲ್ಲಾ ಪೈಪು ಎಲ್ಲೋ ಸೋರ್ತದ, ಇಲ್ಲಾ ಉದ್ದ ಮೀರೇದ. ಅದನ್ನ ಸರಿಪಡಿಸೂತನಕ ಸಹಿ ಮಾಡಬ್ಯಾಡ್ರಿ. ಸಹಿ ಆಗಿ ರೊಕ್ಕ ಹೋದ ಮ್ಯಾಲ ಕರೆದ್ರ ಯಾರೂ ಬೇಗ ಬರೂದಿಲ್ಲ.

ಆಕೆ: ಹಂಗಾದ್ರ ನಾಳೆ ರೈತ ಸಂಪರ್ಕ ಕೇಂದ್ರಕ್ಕ ಹೋಗೂದು ಬ್ಯಾಡ ಅಂತೀರಿ.

ಅವರು: ಹೋಗ್ರಿ, ಘಟಕ ವೆಚ್ಚ ಕೇಳ್ಕೊಂಡು, ಮೈದುನ ತಗೊಂಡ ವರ್ಷ ಕೇಳ್ಕೊಂಡು ಬರ್ರಿ. ಅರ್ಜಿ ಮಾತ್ರ ಈಗ ಬ್ಯಾಡ. ಅಲ್ಲಿಂದ ನಾಡಕಚೇರಿಗೆ ಹೋಗಿ ಪೌತಿ ಅರ್ಜಿ ಕೊಡ್ರಿ. ಅದು ಮುಗಿಯೋ ಹೊತ್ತಿಗೆ ಬೋರಿನ ನೀರು ಅಳೆದು, ಎರಡು ಕಂಪನಿಯ ಕೊಟೇಶನ್ ತಂದಿಟ್ಕೊಳ್ರಿ.

ಆಕೆ: ಮಗಳ ಸಹಿ ಬೇಕಲ್ರಿ. ಆಕಿ ಆಳಂದಾಗ ಇರ್ತಾಳ. ಇವತ್ತೇ ಫೋನ್ ಹಚ್ತೀನಿ.

ಅಫಜಲಪುರ, ಆಳಂದ, ಜೇವರ್ಗಿಯಲ್ಲಿ ಡ್ರಿಪ್ ಹಾಕಿಸಬೇಕೆಂದಿರುವ ರೈತರು ಡೀಲರನ್ನು ಕಾಣುವ ಮೊದಲು ತಮ್ಮ ಪಹಣಿ ತೆಗೆಸಿ ಒಂಬತ್ತನೇ ಕಾಲಮ್ಮು ಓದಿಕೊಳ್ಳಿ. ಅಲ್ಲಿ ತೀರಿಹೋದ ಹಿರಿಯರ ಹೆಸರಿದ್ದರೆ ಪೌತಿ ಅರ್ಜಿಯನ್ನು ಈ ವಾರವೇ ಕೊಡಿ.